ಮಧ್ಯದಲ್ಲಿ ವೇಗ ಸೊನ್ನೆ, ಸ್ಟ್ರೆಸ್ ಮಾತ್ರ ಅಲ್ಲೇ ಜಾಸ್ತಿ: ತಿರುಗುವ ಸಾಲಿಡ್ ಡಿಸ್ಕ್‌ನ ಒಂದು ಪ್ರಕರಣ ಅಧ್ಯಯನ

ಕೇಸ್ ಹೀಗಿದೆ. ಒಂದು ಸ್ಪಿನ್ ಟೆಸ್ಟ್ ರಿಗ್‌ಗೆ ಸ್ಟೀಲ್ ಡಿಸ್ಕ್ ಬೇಕಿತ್ತು. ವ್ಯಾಸ 500 ಮಿಮೀ, ದಪ್ಪ ಎಲ್ಲಾ ಕಡೆ ಒಂದೇ 40 ಮಿಮೀ, ನಡುವೆ ತೂತಿಲ್ಲ, ಓಡಬೇಕಾದ ಸ್ಪೀಡ್ 12,000 ಆರ್‌ಪಿಎಂ. ಸ್ಟೀಲ್‌ನ ಯೀಲ್ಡ್, ಅಂದ್ರೆ ಆಕಾರ ಶಾಶ್ವತವಾಗಿ ಬದಲಾಗೋಕೆ ಶುರುವಾಗೋ ಸ್ಟ್ರೆಸ್, 500 ಮೆಗಾಪ್ಯಾಸ್ಕಲ್ (ಇನ್ಮೇಲೆ ಎಂಪಿಎ ಅಂತೀನಿ). ಡಿಸೈನ್ ರಿವ್ಯೂಗೆ ಕೂತಾಗ ಟೇಬಲ್ ಮೇಲೆ ಎರಡು ಲೆಕ್ಕ ಇತ್ತು, ಒಂದು ಕೈಯಲ್ಲಿ ಮಾಡಿದ್ದು, ಅದರಲ್ಲಿ ಅತಿ ಹೆಚ್ಚಿನ ಸ್ಟ್ರೆಸ್ 320 ಎಂಪಿಎ, ಇನ್ನೊಂದು ಒಬ್ಬ ಜೂನಿಯರ್ ಹುಡುಗ ಪ್ರೋಗ್ರಾಂ ಬರೆದು ತೆಗೆದಿದ್ದು, ಅದರಲ್ಲಿ 639 ಎಂಪಿಎ. ಒಂದರ ಪ್ರಕಾರ ಡಿಸ್ಕ್ ಆರಾಮಾಗಿ ಓಡುತ್ತೆ, ಇನ್ನೊಂದರ ಪ್ರಕಾರ ಸ್ಪೀಡ್ ಮುಟ್ಟೋ ಮೊದಲೇ ಯೀಲ್ಡ್ ಆಗುತ್ತೆ. ಎರಡರಲ್ಲೂ ಪೀಕ್ ಮಾತ್ರ ಮಧ್ಯದಲ್ಲೇ ಇತ್ತು.

ಅಷ್ಟರಲ್ಲಿ ಮೂರನೇ ಒಬ್ಬರು, ಅನುಭವ ಇರೋರೇ, ಇನ್ನೊಂದು ಬಾಂಬ್ ಹಾಕಿದ್ರು: "ಮಧ್ಯದಲ್ಲಿ r ಸೊನ್ನೆ, ಸೆಂಟ್ರಿಫ್ಯೂಗಲ್ ಫೋರ್ಸೂ ಸೊನ್ನೆ, ಅಲ್ಲಿ ಸ್ಟ್ರೆಸ್ ಎಲ್ಲಿಂದ ಬರುತ್ತೆ ರೀ? ರಿಮ್‌ನಲ್ಲಿ ತಾನೇ ಜಾಸ್ತಿ ಇರಬೇಕು?"

ನಿಜ ಹೇಳಬೇಕಂದ್ರೆ ಈ ಮೂರನೇ ಪ್ರಶ್ನೆನೇ ಒಳ್ಳೆ ಪ್ರಶ್ನೆ. ಫಾರ್ಮುಲಾ ಬಾಯಿಪಾಠ ಮಾಡಿ ಪಾಸಾದೋರಲ್ಲಿ ಬಹಳ ಜನ ಇದಕ್ಕೆ ಉತ್ತರ ಹೇಳಲ್ಲ, "ಇಕ್ವೇಶನ್ ಹಾಗೆ ಹೇಳುತ್ತೆ" ಅಂತಾರೆ ಅಷ್ಟೆ. ಅದಕ್ಕೆ ಉತ್ತರ ಸಿಕ್ಕಿದ್ರೆ 320ಕ್ಕೂ 639ಕ್ಕೂ ಯಾಕೆ ಜಗಳ ಅನ್ನೋದೂ ತಾನಾಗೇ ಬಗೆಹರಿಯುತ್ತೆ, ಹಾಗಾಗಿ ಅಲ್ಲಿಂದಲೇ ಶುರು ಮಾಡೋಣ.

ಮೊದಲು ನಂಬರ್‌ಗಳನ್ನ ಹಿಡ್ಕೊಳ್ಳೋಣ. 12,000 ಆರ್‌ಪಿಎಂ ಅಂದ್ರೆ ಸೆಕೆಂಡಿಗೆ 1257 ರೇಡಿಯನ್, ರಿಮ್‌ನ ವೇಗ ಸೆಕೆಂಡಿಗೆ 314 ಮೀಟರ್. ಡೆನ್ಸಿಟಿ 7850 ಹಾಕಿ ಡೆನ್ಸಿಟಿಯನ್ನ ರಿಮ್ ವೇಗದ ವರ್ಗದಿಂದ ಗುಣಿಸಿದ್ರೆ 775 ಎಂಪಿಎ ಬರುತ್ತೆ. ಈ 775 ಈ ಡಿಸ್ಕ್‌ನ ಅಳತೆಗೋಲು ಅಂದ್ಕೊಳ್ಳಿ, ಮುಂದೆ ಬರೋ ಎಲ್ಲಾ ಸ್ಟ್ರೆಸ್ಸೂ ಇದರ ಒಂದು ಪಾಲು ಅಷ್ಟೆ. ಪಾಯ್ಸನ್ಸ್ ರೇಶಿಯೋ 0.3, ಯಂಗ್ಸ್ ಮಾಡ್ಯುಲಸ್ 200 ಗಿಗಾಪ್ಯಾಸ್ಕಲ್ ಅಂತ ಇಟ್ಕೊಂಡಿದೀವಿ. ಸೂತ್ರ ಇದು, ಇದರಲ್ಲಿ ρ ಡೆನ್ಸಿಟಿ, ω ಸೆಕೆಂಡಿಗೆ ರೇಡಿಯನ್‌ನಲ್ಲಿ ಸ್ಪೀಡ್, ν ಪಾಯ್ಸನ್ಸ್ ರೇಶಿಯೋ, R ಡಿಸ್ಕ್‌ನ ತ್ರಿಜ್ಯ, r ಮಧ್ಯದಿಂದ ದೂರ:

```
σr = (3+ν)/8 · ρω² (R² − r²)
σθ = ρω²/8 · [(3+ν)R² − (1+3ν) r²]
```

σr ಅಂದ್ರೆ ರೇಡಿಯಲ್ ಸ್ಟ್ರೆಸ್, ಮಧ್ಯದಿಂದ ಹೊರಗಡೆ ದಿಕ್ಕಲ್ಲಿ ಎಳೆಯೋದು. σθ ಅಂದ್ರೆ ಹೂಪ್ ಸ್ಟ್ರೆಸ್, ಸುತ್ತಳತೆ ದಿಕ್ಕಲ್ಲಿ ಎಳೆಯೋದು. ನಮ್ಮ ಡಿಸ್ಕ್‌ಗೆ ಹಾಕಿ ನೋಡಿದ್ರೆ ಮಧ್ಯದಲ್ಲಿ ಎರಡೂ 320. ಅರ್ಧ ತ್ರಿಜ್ಯದಲ್ಲಿ, ಅಂದ್ರೆ 125 ಮಿಮೀ ಹತ್ರ, ರೇಡಿಯಲ್ 240, ಹೂಪ್ 274. ರಿಮ್‌ನಲ್ಲಿ ರೇಡಿಯಲ್ ಸೊನ್ನೆ (ಹೊರಗೆ ಎಳೆಯೋಕೆ ಏನೂ ಇಲ್ಲವಲ್ಲ), ಹೂಪ್ 136. ಗಮನಿಸಿ, ದಪ್ಪ 40 ಮಿಮೀ ಎಲ್ಲೂ ಬರಲೇ ಇಲ್ಲ. ದಪ್ಪ ಜಾಸ್ತಿ ಮಾಡಿದ್ರೆ ತೂಕ ಎಷ್ಟು ಪಟ್ಟು ಏರುತ್ತೋ ಅದನ್ನ ಹೊರೋ ಮೆಟೀರಿಯಲ್ಲೂ ಅಷ್ಟೇ ಪಟ್ಟು ಏರುತ್ತೆ, ಅದಕ್ಕೆ ಸ್ಟ್ರೆಸ್ ಬದಲಾಗಲ್ಲ. "ಸ್ವಲ್ಪ ದಪ್ಪ ಮಾಡ್ಬಿಡಿ, ಸೇಫ್ ಆಗುತ್ತೆ" ಅನ್ನೋ ಸಲಹೆ ಈ ರಿವ್ಯೂನಲ್ಲೂ ಬಂತು, ಒಂದೇ ದಪ್ಪದ ಡಿಸ್ಕ್‌ಗೆ ಅದರಿಂದ ಒಂದು ಪೈಸೆ ಪ್ರಯೋಜನ ಇಲ್ಲ.

ಈಗ ಆ ಪ್ರಶ್ನೆಗೆ ಬರೋಣ. "ಫೋರ್ಸ್ ಇಲ್ಲದ ಕಡೆ ಸ್ಟ್ರೆಸ್ ಹೇಗೆ" ಅನ್ನೋದರಲ್ಲಿ ಎರಡು ವಿಷಯ ಕಲಸಿಹೋಗಿದೆ. ಸೆಂಟ್ರಿಫ್ಯೂಗಲ್ ಫೋರ್ಸ್ ಅನ್ನೋದು ಆ ಜಾಗದ ಮೆಟೀರಿಯಲ್ ತಾನು ಎಷ್ಟು ಹೊಸ ಭಾರ ಸೇರಿಸುತ್ತೆ ಅನ್ನೋದು. ಸ್ಟ್ರೆಸ್ ಅನ್ನೋದು ಆ ಜಾಗ ಒಟ್ಟು ಎಷ್ಟು ಹೊತ್ಕೊಂಡಿದೆ ಅನ್ನೋದು. ಮೇಲಿಂದ ನೇತು ಹಾಕಿದ ಸರಪಳಿಯಲ್ಲಿ ಎಲ್ಲಕ್ಕಿಂತ ಮೇಲಿನ ಕೊಂಡಿಗೆ ಸ್ವಂತ ತೂಕವೇ ಇಲ್ಲ ಅಂದ್ಕೊಂಡ್ರೂ ಕಿತ್ಕೊಳ್ಳೋದು ಅದೇ ತಾನೇ, ಕೆಳಗಿನದೆಲ್ಲ ಅದರ ಮೇಲೇ ಬಿದ್ದಿರುತ್ತೆ. ಡಿಸ್ಕ್‌ನಲ್ಲೂ ಮಧ್ಯಭಾಗ ತಾನು ಏನೂ ಸೇರಿಸಲ್ಲ, ಆದರೆ ಹೊರಗಿನೋರ ಭಾರ ಎಲ್ಲಾ ಬಂದು ಅಲ್ಲಿ ಸೇರ್ಕೊಂಡಿರುತ್ತೆ.

ಆದರೆ ಇಷ್ಟಕ್ಕೇ ನಿಲ್ಲಿಸಿದ್ರೆ ಅರ್ಧ ಉತ್ತರ. ಯಾಕಂದ್ರೆ ಡಿಸ್ಕ್‌ನ ಹೊರಭಾಗಕ್ಕೆ ಸರಪಳಿಗೆ ಇಲ್ಲದ ಇನ್ನೊಂದು ದಾರಿ ಇದೆ, ಅದು ಉಂಗುರದ ಥರ ಸುತ್ತಿಕೊಂಡು ತನ್ನನ್ನ ತಾನೇ ಹಿಡ್ಕೋಬಹುದು. ಹಾಗಾದ್ರೆ ರಿಮ್ ತನ್ನ ಭಾರ ತಾನೇ ಹೂಪ್ ಸ್ಟ್ರೆಸ್‌ನಲ್ಲಿ ಯಾಕೆ ಹೊರಲ್ಲ, ಒಳಗಿನೋರ ಮೇಲೆ ಯಾಕೆ ಹಾಕುತ್ತೆ?

ಇದನ್ನ ನೋಡೋಕೆ ನನಗೆ ತುಂಬಾ ಇಷ್ಟವಾದ ದಾರಿ ಒಂದಿದೆ. ಡಿಸ್ಕನ್ನ ತಲೆಯಲ್ಲೇ ತೆಳ್ಳಗಿನ ನೂರಾರು ಉಂಗುರಗಳಾಗಿ ಕತ್ತರಿಸಿ, ಒಂದಕ್ಕೊಂದು ಅಂಟಿಲ್ಲ ಅಂದ್ಕೊಂಡು ಎಲ್ಲಾನೂ ಅದೇ 12,000ದಲ್ಲಿ ತಿರುಗಿಸಿ. ಒಂಟಿ ಉಂಗುರದ ಹೂಪ್ ಸ್ಟ್ರೆಸ್ ಲೆಕ್ಕ ಸುಲಭ, ಡೆನ್ಸಿಟಿ ಗುಣಿಸು ಅದರ ವೇಗದ ವರ್ಗ, ಅಂದ್ರೆ ρω²r². ರಿಮ್‌ನ ಉಂಗುರದಲ್ಲಿ 775 ಎಂಪಿಎ, 125 ಮಿಮೀ ಉಂಗುರದಲ್ಲಿ 194, ಮಧ್ಯಕ್ಕೆ ಬರ್ತಾ ಬರ್ತಾ ಸೊನ್ನೆ. ಇದೇ ಆ ಮೂರನೇಯವರ ಮನಸ್ಸಲ್ಲಿದ್ದ ಚಿತ್ರ, ಬಿಡಿ ಉಂಗುರಗಳಿಗೆ ಅದು ಪೂರ್ತಿ ಸರಿ.

ಈಗ ಈ ಬಿಡಿ ಉಂಗುರಗಳು ಎಷ್ಟೆಷ್ಟು ಹಿಗ್ಗುತ್ವೆ ನೋಡಿ. 775 ಎಂಪಿಎ ಇರೋ ರಿಮ್ ಉಂಗುರದ ತ್ರಿಜ್ಯ 0.97 ಮಿಮೀ ದೊಡ್ಡದಾಗುತ್ತೆ. 125 ಮಿಮೀ ಉಂಗುರ ಬರೀ 0.12 ಮಿಮೀ. ತ್ರಿಜ್ಯ ಅರ್ಧ, ಹಿಗ್ಗೋದು ಎಂಟರಲ್ಲೊಂದು ಪಾಲು. ಅಂದ್ರೆ ಹೊರಗಿನ ಉಂಗುರಗಳು ಒಳಗಿನೋರನ್ನ ಬಿಟ್ಟು ಓಡಿಹೋಗ್ತವೆ, ಪ್ರತಿ ಎರಡರ ನಡುವೆನೂ ಗ್ಯಾಪ್ ಬೀಳುತ್ತೆ.

ನಿಜವಾದ ಡಿಸ್ಕ್‌ನಲ್ಲಿ ಗ್ಯಾಪ್ ಬೀಳೋ ಹಾಗಿಲ್ಲ, ಅದು ಒಂದೇ ತುಂಡು. ಗ್ಯಾಪ್ ಮುಚ್ಚಬೇಕಂದ್ರೆ ಒಳಗಿನ ಉಂಗುರ ಹೊರಗಿನದನ್ನ ಒಳಕ್ಕೆ ಎಳೀಬೇಕು, ಹೊರಗಿನದು ಒಳಗಿನದನ್ನ ಹೊರಕ್ಕೆ ಎಳೆಯುತ್ತೆ. ಆ ಎಳೆದಾಟವೇ ರೇಡಿಯಲ್ ಸ್ಟ್ರೆಸ್. ಇದರಿಂದ ಹೊರಗಿನೋರು ಹಗುರಾಗ್ತಾರೆ, ಒಳಗಿನೋರಿಗೆ ಭಾರ ಬೀಳುತ್ತೆ. ರಿಮ್‌ನ ಹೂಪ್ 775ರಿಂದ 136ಕ್ಕೆ ಇಳಿಯುತ್ತೆ, ಹಿಗ್ಗೋದು 0.97ರಿಂದ 0.17 ಮಿಮೀಗೆ ಇಳಿಯುತ್ತೆ. 125 ಮಿಮೀನಲ್ಲಿ ಹೂಪ್ 194ರಿಂದ 274ಕ್ಕೆ ಏರುತ್ತೆ. ಮಧ್ಯದಲ್ಲಿ ಸೊನ್ನೆಯಿಂದ 320ಕ್ಕೆ. ಮಧ್ಯದಲ್ಲಿ ಇರೋ ಸ್ಟ್ರೆಸ್ ಪೂರ್ತಿ ಸಾಲದ ಬಾಬ್ತು, ಒಂದು ಎಂಪಿಎನೂ ಅಲ್ಲಿನ ಸ್ವಂತದ್ದಲ್ಲ.

ಈ ಕೊಡುಕೊಳ್ಳುವಿಕೆ ಎಲ್ಲಿ ತಿರುಗುತ್ತೆ ಅಂತ ಕೇಳಿದ್ರೆ ತುಂಬಾ ಚೆನ್ನಾಗಿರೋ ಉತ್ತರ ಸಿಗುತ್ತೆ. ಬಿಡಿ ಉಂಗುರದ ρω²r² ಮತ್ತು ನಿಜವಾದ ಹೂಪ್ ಸ್ಟ್ರೆಸ್ ಎರಡನ್ನೂ ಸಮ ಮಾಡಿ ಬಿಡಿಸಿ, r ಅಂದ್ರೆ R ಭಾಗಿಸು ಮೂರರ ವರ್ಗಮೂಲ ಅಂತ ಬರುತ್ತೆ. ಪಾಯ್ಸನ್ಸ್ ರೇಶಿಯೋ ಪೂರ್ತಿ ಹೊಡೆದುಹೋಗುತ್ತೆ, ಸ್ಟೀಲಾಗಲಿ ಅಲ್ಯೂಮಿನಿಯಂ ಆಗಲಿ ಅದೇ ಜಾಗ. ನಮ್ಮ ಡಿಸ್ಕ್‌ನಲ್ಲಿ ಅದು 144 ಮಿಮೀ. ಅದಕ್ಕಿಂತ ಹೊರಗಿರೋ ಮೆಟೀರಿಯಲ್ ಎಲ್ಲಾ ತನ್ನನ್ನ ತಾನು ಪೂರ್ತಿ ಹಿಡ್ಕೊಳ್ಳಲ್ಲ, ಒಳಗಿನೋರಿಗೆ ನೇತಾಡ್ತಾ ಇರುತ್ತೆ. ಅದಕ್ಕಿಂತ ಒಳಗಿರೋದು ತನ್ನದನ್ನೂ ಹೊತ್ತು ಹೊರಗಿನೋರದ್ದನ್ನೂ ಹೊರುತ್ತೆ. ಕರೆಕ್ಟಾಗಿ ಆ ಜಾಗದಲ್ಲಿ ಹೂಪ್ ಸ್ಟ್ರೆಸ್ 258 ಎಂಪಿಎ, 775ರ ಮೂರನೇ ಒಂದು ಪಾಲು. ಈ 258 ನೆನಪಿಟ್ಕೊಳ್ಳಿ, ಇನ್ನೊಂದು ಕಡೆ ಬರುತ್ತೆ.

ಸರಿ, ಒಳಗೆ ಜಾಸ್ತಿ ಅಂತ ಒಪ್ಪಿದ್ವಿ, ಆದರೆ ಪೀಕ್ ಕರೆಕ್ಟಾಗಿ ಮಧ್ಯಬಿಂದುವಿನಲ್ಲೇ ಯಾಕೆ, ನಡುವೆ ಎಲ್ಲೋ ಒಂದು ಕಡೆ ಏರಿ ಮತ್ತೆ ಇಳಿಯಬಹುದಿತ್ತಲ್ಲ? ಇದಕ್ಕೆ ಒಂದು ಸಣ್ಣ ಚೂರಿನ ಬ್ಯಾಲೆನ್ಸ್ ಬರೀಬೇಕು, ತಪ್ಪಿಸ್ಕೊಳ್ಳೋಕೆ ಆಗಲ್ಲ:

```
dσr/dr = −ρω² r + (σθ − σr)/r
```

ಓದೋದು ಹೀಗೆ. ರಿಮ್‌ನಿಂದ ಒಳಕ್ಕೆ ಒಂದೊಂದೇ ಹೆಜ್ಜೆ ಬರ್ತಾ ಇದೀವಿ. ಪ್ರತಿ ಹೆಜ್ಜೆಯಲ್ಲೂ ಅಲ್ಲಿನ ಮೆಟೀರಿಯಲ್ ತನ್ನ ಸೆಂಟ್ರಿಫ್ಯೂಗಲ್ ಭಾರ ಸೇರಿಸುತ್ತೆ, ಇದು ಮೊದಲ ಟರ್ಮ್, ರೇಡಿಯಲ್ ಸ್ಟ್ರೆಸ್ಸನ್ನ ಏರಿಸುತ್ತೆ. ಎರಡನೇ ಟರ್ಮ್ ಹೂಪ್ ಸ್ಟ್ರೆಸ್ ರೇಡಿಯಲ್‌ಗಿಂತ ಎಷ್ಟು ಜಾಸ್ತಿ ಇದೆಯೋ ಅದರ ಸಹಾಯ, ಉಂಗುರ ತಾನೇ ಬಿಗಿಹಿಡಿದು ಸ್ವಲ್ಪ ಭಾರ ಕಡಿಮೆ ಮಾಡೋದು. ಮೇಲಿನ ಸೂತ್ರಗಳನ್ನ ಹಾಕಿ ನೋಡಿದ್ರೆ ಈ ಸಹಾಯ ಮೊದಲ ಟರ್ಮ್‌ನ (1−ν)/4 ಪಾಲು, ಸ್ಟೀಲ್‌ಗೆ ಶೇಕಡಾ 17.5. ಯಾವ ತ್ರಿಜ್ಯದಲ್ಲಿ ನಿಂತು ನೋಡಿದ್ರೂ ಅದೇ 17.5. ಅಂದ್ರೆ ಸೇರಿಸಿದ ಪ್ರತಿ 100ರಲ್ಲಿ 17.5 ಮಾತ್ರ ವಾಪಸ್, 82.5 ಒಳಕ್ಕೆ ದಾಟುತ್ತೆ, ಈ ಲೆಕ್ಕ ಎಲ್ಲೂ ಉಲ್ಟಾ ಆಗಲ್ಲ. ಒಳಗೆ ಹೋದಷ್ಟೂ ಏರೋದೇ, ಇಳಿಯೋ ಜಾಗನೇ ಇಲ್ಲ, ಹಾಗಾಗಿ ಅತಿ ಒಳಗಿನ ಬಿಂದುವೇ ಪೀಕ್. ಹೂಪ್ ಸ್ಟ್ರೆಸ್ ಕೂಡ ಇದೇ ಥರ ಒಳಗೆ ಏರ್ತಾ ಹೋಗುತ್ತೆ, ಆದರೆ ರೇಡಿಯಲ್‌ನಷ್ಟು ಜೋರಾಗಿ ಅಲ್ಲ. ರಿಮ್‌ನಲ್ಲಿ 136 ಮುಂದೆ ಇದ್ದದ್ದು ಅರ್ಧ ದಾರಿಗೆ 34 ಮುಂದೆ, ಮಧ್ಯಕ್ಕೆ ಬಂದಾಗ ರೇಡಿಯಲ್ ಬಂದು ಸಮ ಆಗುತ್ತೆ.

ಸಮ ಆಗ್ಲೇಬೇಕು ಅನ್ನೋದಕ್ಕೆ ಇಕ್ವೇಶನ್ ಕೂಡ ಬೇಡ. ಕರೆಕ್ಟಾಗಿ ಮಧ್ಯಬಿಂದುವಿನಲ್ಲಿ ನಿಂತ್ಕೊಂಡ್ರೆ ರೇಡಿಯಲ್ ಯಾವುದು ಹೂಪ್ ಯಾವುದು? ಪೂರ್ವಕ್ಕೆ ಮುಖ ಮಾಡಿದ್ರೆ ರೇಡಿಯಲ್ ಪೂರ್ವ-ಪಶ್ಚಿಮ, ಹೂಪ್ ಉತ್ತರ-ದಕ್ಷಿಣ. ಉತ್ತರಕ್ಕೆ ತಿರುಗಿದ್ರೆ ಅದಲುಬದಲು. ಬಿಂದು ಒಂದೇ, ಡಿಸ್ಕ್ ಎಲ್ಲಾ ಕಡೆಯಿಂದ ಒಂದೇ ಥರ, ಹಾಗಿದ್ಮೇಲೆ ಎರಡೂ ಒಂದೇ ಇರಬೇಕು. ಎಲ್ಲಾ ದಿಕ್ಕಿನಲ್ಲೂ ಸಮವಾಗಿ 320 ಎಂಪಿಎ ಎಳೆತ. ಯೀಲ್ಡ್ ನೋಡೋ ನಿಯಮಗಳಲ್ಲಿ ವಾನ್ ಮಿಸೆಸ್ ಹಾಕಿದ್ರೂ ಟ್ರೆಸ್ಕಾ ಹಾಕಿದ್ರೂ ಇಲ್ಲಿ ಬರೋದು ಅದೇ 320, ಅದಕ್ಕೆ ಯೀಲ್ಡ್ ಶುರುವಾದ್ರೆ ಮಧ್ಯದಲ್ಲೇ ಶುರು.

ಇನ್ನೊಂದು ಮಾತು. ಈ ಪೀಕ್ ಚೂಪಾದ ಶಿಖರ ಅಲ್ಲ, ಅಗಲವಾದ ದಿಬ್ಬ. ಮಧ್ಯದಲ್ಲಿ ಸ್ಲೋಪ್ ಸೊನ್ನೆ. 50 ಮಿಮೀ ಆಚೆ ಹೋದ್ರೂ ರೇಡಿಯಲ್ ಸ್ಟ್ರೆಸ್ ಕಡಿಮೆ ಆಗೋದು ಶೇಕಡಾ 4 ಅಷ್ಟೆ, ಹೂಪ್ ಅದಕ್ಕಿಂತ್ಲೂ ಕಡಿಮೆ ಇಳಿಯುತ್ತೆ. ಅಂದ್ರೆ 100 ಮಿಮೀ ವ್ಯಾಸದ ಇಡೀ ತಿರುಳು ಪೀಕ್‌ನಲ್ಲೇ ಕೂತಿದೆ. ಫೋರ್ಜಿಂಗ್ ಮಾಡೋರಿಗೆ ಇದು ಕೆಟ್ಟ ಸುದ್ದಿ, ಯಾಕಂದ್ರೆ ಇಂಗಾಟ್ ಕೊನೆಗೆ ಗಟ್ಟಿಯಾಗೋದು ನಡುವಲ್ಲಿ, ಕಸ, ಸೆಗ್ರಿಗೇಶನ್, ಸಣ್ಣ ಪೊಳ್ಳು ಎಲ್ಲಾ ಬಂದು ಸೇರೋದೂ ಅದೇ ತಿರುಳಲ್ಲಿ. ಮೆಟೀರಿಯಲ್ ಅತಿ ಕೆಟ್ಟದಾಗಿರೋ ಜಾಗ, ಸ್ಟ್ರೆಸ್ ಅತಿ ಜಾಸ್ತಿ ಇರೋ ಜಾಗ, ಎರಡೂ ಒಂದೇ.

ಈಗ 639ರ ಕಥೆ. ಹುಡುಗನ ಪ್ರೋಗ್ರಾಂ ತೆಗೆದು ನೋಡಿದ್ವಿ. ಲೆಕ್ಕದಲ್ಲಿ ತಪ್ಪೇನೂ ಇರಲಿಲ್ಲ, ಬುದ್ಧಿವಂತ ಹುಡುಗ, ಮೇಲಿನ ಬ್ಯಾಲೆನ್ಸ್ ಇಕ್ವೇಶನ್ನನ್ನೇ ಹೆಜ್ಜೆ ಹೆಜ್ಜೆಯಾಗಿ ಬಿಡಿಸಿದ್ದ. ಆದರೆ ಅದರಲ್ಲಿ r ನಿಂದ ಭಾಗಿಸೋದಿದೆ, r ಸೊನ್ನೆಯಾದ್ರೆ ಪ್ರೋಗ್ರಾಂ ಕೈಕೊಡುತ್ತೆ. ಅದಕ್ಕೆ ಆತ ಸೊನ್ನೆ ಬದಲು 1 ಮಿಮೀನಿಂದ ಶುರು ಮಾಡಿದ್ದ, ಎರಡೂ ಅಂಚಲ್ಲಿ ರೇಡಿಯಲ್ ಸ್ಟ್ರೆಸ್ ಸೊನ್ನೆ ಅಂತ ಕೊಟ್ಟಿದ್ದ. "250ರಲ್ಲಿ 1 ಮಿಮೀ ತಾನೇ ಸರ್, ಏನು ವ್ಯತ್ಯಾಸ ಆಗುತ್ತೆ" ಅಂದ. ಕೇಳೋಕೆ ನ್ಯಾಯವಾಗೇ ಇದೆ. ಆದರೆ ಒಳ ಅಂಚಲ್ಲಿ ರೇಡಿಯಲ್ ಸೊನ್ನೆ ಅಂತ ಬರೆದ ಕ್ಷಣ ಆತ ಡಿಸ್ಕ್‌ಗೆ 2 ಮಿಮೀ ವ್ಯಾಸದ ತೂತು ಕೊರೆದುಬಿಟ್ಟ.

ತೂತಿರೋ ಡಿಸ್ಕ್‌ನ ಪೀಕ್ ಹೂಪ್ ಸೂತ್ರ ಬೇರೆ, a ಅಂದ್ರೆ ತೂತಿನ ತ್ರಿಜ್ಯ:

```
σθ(max) = ρω²/4 · [(3+ν)R² + (1−ν)a²]
```

ಇದರಲ್ಲಿ a ಅನ್ನ ಎಷ್ಟು ಸಣ್ಣ ಮಾಡಿದ್ರೂ ಮುಂದಿರೋ ನಾಲ್ಕು ಎಂಟಾಗಲ್ಲ. ತೂತು ಸೂಜಿಮೊನೆಯಷ್ಟಾದ್ರೂ ಉತ್ತರ ಸಾಲಿಡ್ ಡಿಸ್ಕ್‌ನ ಎರಡರಷ್ಟು, 639. ತೂತನ್ನ 50 ಮಿಮೀ ವ್ಯಾಸಕ್ಕೆ ಹಿಗ್ಗಿಸಿದ್ರೆ 641. ನೋಡಿ ಎಷ್ಟು ವಿಚಿತ್ರ, 2 ಮಿಮೀಗೂ 50 ಮಿಮೀಗೂ ವ್ಯತ್ಯಾಸ 2 ಎಂಪಿಎ ಒಳಗೇ, ಆದರೆ ತೂತೇ ಇಲ್ಲದ್ದಕ್ಕೂ 2 ಮಿಮೀಗೂ ವ್ಯತ್ಯಾಸ 319.

ಕಾರಣ ಹಿಂದೆ ಹೇಳಿದ್ದರಲ್ಲೇ ಇದೆ. ಮಧ್ಯದಲ್ಲಿ ಎಲ್ಲಾ ದಿಕ್ಕಿಂದ ಸಮವಾಗಿ ಎಳೆಯೋ 320ರ ಜಾಗ ಇದೆ. ಅಲ್ಲಿ ಎಷ್ಟೇ ಸಣ್ಣ ತೂತು ಮಾಡಿದ್ರೂ ಅಂಚಲ್ಲಿ ರೇಡಿಯಲ್ ಎಳೆತಕ್ಕೆ ಹಿಡ್ಕೊಳ್ಳೋಕೆ ಏನೂ ಉಳಿಯಲ್ಲ, ಅದು ಸುತ್ತಿ ಬಳಸಿ ಹೋಗಬೇಕು, ಹಾಗೆ ಸುತ್ತೋದು ಹೂಪ್ ರೂಪದಲ್ಲಿ. ಎಲ್ಲಾ ದಿಕ್ಕಲ್ಲೂ ಸಮ ಎಳೆತ ಇರೋ ಪ್ಲೇಟ್‌ಗೆ ಸಣ್ಣ ತೂತು ಹಾಕಿದ್ರೆ ಅಂಚಿನ ಸ್ಟ್ರೆಸ್ ಎರಡರಷ್ಟು ಅನ್ನೋದು ಬೇರೆ ಕಡೆ ಓದಿರ್ತೀವಲ್ಲ, ಅದೇ ಎರಡು ಇದು. ತೂತಿನ ಸೈಜ್ ಈ ಎರಡನ್ನ ಬದಲಾಯಿಸಲ್ಲ, ಎಷ್ಟು ದೂರದವರೆಗೆ ಇದರ ಪ್ರಭಾವ ಅನ್ನೋದನ್ನ ಮಾತ್ರ ಬದಲಾಯಿಸುತ್ತೆ. 1 ಮಿಮೀ ತ್ರಿಜ್ಯದ ತೂತಾದ್ರೆ 3 ಮಿಮೀ ಹತ್ರ ಹೂಪ್ ಶೇಕಡಾ 11 ಜಾಸ್ತಿ ಇರುತ್ತೆ, 5 ಮಿಮೀಗೆ ಶೇಕಡಾ 4, ಆಮೇಲೆ ಸಾಲಿಡ್ ಡಿಸ್ಕ್‌ನ ಕರ್ವ್ ಮೇಲೇ ಕೂರುತ್ತೆ. ಗುರುತು ಹಿಡಿಯೋದೂ ಹಾಗೇ: ನಿಮ್ಮ ಪ್ಲಾಟ್‌ನಲ್ಲಿ ರೇಡಿಯಲ್ ಸ್ಟ್ರೆಸ್ ಮಧ್ಯಕ್ಕೆ ಬರುವಾಗ ಚೆನ್ನಾಗಿ ಏರ್ತಾ ಬಂದು ಕೊನೇ ಕೆಲವು ಮಿಮೀನಲ್ಲಿ ದಡಾರನೆ ಸೊನ್ನೆಗೆ ಬಿದ್ದು, ಅದೇ ಜಾಗದಲ್ಲಿ ಹೂಪ್ ಜಿಗಿದಿದ್ರೆ, ಅಲ್ಲಿ ಒಂದು ತೂತು ಇದೆ, ನೀವು ಬೇಕಂತ ಹಾಕಿದ್ರೋ ಇಲ್ವೋ. ಸಾಲಿಡ್ ಡಿಸ್ಕ್ ಬೇಕಂದ್ರೆ ಒಳ ಅಂಚಿನ ಕಂಡೀಶನ್ ರೇಡಿಯಲ್ ಸೊನ್ನೆ ಅಲ್ಲ, ರೇಡಿಯಲ್ ಮತ್ತು ಹೂಪ್ ಸಮ. ಅಥವಾ ಡಿಸ್‌ಪ್ಲೇಸ್‌ಮೆಂಟ್ ಲೆಕ್ಕ ಹಾಕೋರು ಮಧ್ಯದಲ್ಲಿ ಡಿಸ್‌ಪ್ಲೇಸ್‌ಮೆಂಟ್ ಸೊನ್ನೆ ಅಂತ ಕೊಡಬೇಕು. ಆ ಒಂದು ಸಾಲು ಬದಲಾಯಿಸಿದ ಮೇಲೆ ಹುಡುಗನ ಪ್ರೋಗ್ರಾಂ 320 ಕೊಡ್ತು.

ಆದರೂ ರಿವ್ಯೂನಲ್ಲಿ ಒಬ್ಬರಿಗೆ ಸಮಾಧಾನ ಇರಲಿಲ್ಲ, "ಎರಡು ಉತ್ತರದಲ್ಲಿ ಚಿಕ್ಕದನ್ನೇ ಆರಿಸ್ಕೊಂಡ್ರಿ" ಅಂದ್ರು. ಅವರಿಗೆ ತೋರಿಸಿದ್ದು ಒಂದು ಚೆಕ್, ಇದಕ್ಕೆ ಡಿಫರೆನ್ಶಿಯಲ್ ಇಕ್ವೇಶನ್ ಬೇಕಿಲ್ಲ. ಡಿಸ್ಕನ್ನ ವ್ಯಾಸದ ಉದ್ದಕ್ಕೂ ಎರಡು ಹೋಳು ಮಾಡಿ. ಒಂದು ಹೋಳಿನ ಸೆಂಟ್ರಿಫ್ಯೂಗಲ್ ಫೋರ್ಸ್ ಒಟ್ಟು ಎಷ್ಟೋ, ಕತ್ತರಿಸಿದ ಮುಖದ ಮೇಲಿನ ಹೂಪ್ ಎಳೆತ ಅಷ್ಟೇ ಇರಬೇಕು, ಇಲ್ಲಾಂದ್ರೆ ಹೋಳು ಹಾರಿಹೋಗುತ್ತೆ. ಲೆಕ್ಕ ಮಾಡಿದ್ರೆ ಆ ಮುಖದ ಮೇಲೆ ಹೂಪ್‌ನ ಸರಾಸರಿ ρω²R²/3, ಅದೇ 258 ಎಂಪಿಎ. ಪಾಯ್ಸನ್ಸ್ ರೇಶಿಯೋ, ಎಲಾಸ್ಟಿಕ್ಕಾ ಪ್ಲಾಸ್ಟಿಕ್ಕಾ, ಯಾವುದೂ ಇದನ್ನ ಅಲ್ಲಾಡಿಸಲ್ಲ. ಮಧ್ಯದಲ್ಲಿ 320ರಿಂದ ರಿಮ್‌ನ 136ರವರೆಗಿನ ಕರ್ವ್‌ನ ಸರಾಸರಿ ತೆಗೀರಿ, ಸರಿಯಾಗಿ 258 ಬರುತ್ತೆ. ಬಿಡಿ ಉಂಗುರಗಳ ಕರ್ವ್‌ಗೂ, ಸೊನ್ನೆಯಿಂದ 775ಕ್ಕೆ ಏರಿದ್ರೂ, ಸರಾಸರಿ ಅದೇ 258. ಒಟ್ಟು ಭಾರ ಬದಲಾಗಿಲ್ಲ, ಹಂಚಿಕೆ ಮಾತ್ರ ಬದಲಾಗಿದೆ. ನೀವು ಯಾವುದೇ ಸಾಫ್ಟ್‌ವೇರ್‌ನಿಂದ ಡಿಸ್ಕ್‌ನ ರಿಸಲ್ಟ್ ತೆಗೆದ್ರೂ ಮೊದಲು ಈ ಸರಾಸರಿ ನೋಡಿ. ಅದು ತಪ್ಪಿದ್ರೆ ಸ್ಪೀಡ್‌ನ ಯೂನಿಟ್ಟೋ ಡೆನ್ಸಿಟಿಯೋ ಎಡವಟ್ಟಾಗಿದೆ, ಆರ್‌ಪಿಎಂ ಅನ್ನ ರೇಡಿಯನ್ ಮಾಡದೇ ಹಾಗೇ ಕೊಟ್ಟಿರೋದು ಮಾಮೂಲಿ. ಒಂದು ಎಚ್ಚರಿಕೆ, ಈ ಚೆಕ್ ಸಣ್ಣ ತೂತನ್ನ ಹಿಡಿಯಲ್ಲ, ಯಾಕಂದ್ರೆ 1 ಮಿಮೀ ತ್ರಿಜ್ಯದ ತೂತಿನಿಂದ ಸರಾಸರಿ ಶೇಕಡಾ ಅರ್ಧದಷ್ಟೂ ಬದಲಾಗಲ್ಲ. ತೂತಿಗೆ ಕರ್ವ್‌ನ ಆಕಾರವನ್ನೇ ನೋಡಬೇಕು.

ಸ್ಪೀಡ್ ಮಿತಿಗಳ ವಿಷಯ. ಸ್ಟ್ರೆಸ್ ಸ್ಪೀಡ್‌ನ ವರ್ಗಕ್ಕೆ ಏರೋದ್ರಿಂದ ಸಾಲಿಡ್ ಡಿಸ್ಕ್‌ನ ಮಧ್ಯ 500 ಮುಟ್ಟೋದು ಸುಮಾರು 15,000 ಆರ್‌ಪಿಎಂಗೆ. ಅಲ್ಲಿಗೆ ಡಿಸ್ಕ್ ಒಡೆದುಹೋಗಲ್ಲ, ಮೆಟೀರಿಯಲ್ ಡಕ್ಟೈಲ್ ಆಗಿದ್ರೆ ಮಧ್ಯ ಯೀಲ್ಡ್ ಆಗಿ ಇನ್ನಷ್ಟು ಹೊರೋದಿಲ್ಲ ಅನ್ನುತ್ತೆ, ಭಾರ ನಿಧಾನಕ್ಕೆ ಹೊರಗಿನೋರಿಗೆ ಹೋಗುತ್ತೆ, ಪ್ಲಾಸ್ಟಿಕ್ ತಿರುಳು ಬೆಳೀತಾ ಹೋಗುತ್ತೆ. ಇಡೀ ಡಿಸ್ಕ್ ಯೀಲ್ಡ್ ಆದಾಗ ಹೂಪ್ ಎಲ್ಲೆಡೆ 500, ಅಂದ್ರೆ ಸರಾಸರಿನೂ 500, ಅದು ಸುಮಾರು 16,700 ಆರ್‌ಪಿಎಂ. ಮೊದಲ ಯೀಲ್ಡ್‌ಗೂ ಪೂರ್ತಿ ಕುಸಿತಕ್ಕೂ ನಡುವೆ ಶೇಕಡಾ 11 ಸ್ಪೀಡ್ ಮಾತ್ರ, ಜಾಸ್ತಿ ಏನಲ್ಲ. (ಸ್ಟೀಲ್ ಹಿಗ್ಗುವಾಗ ಗಟ್ಟಿಯಾಗೋದ್ರಿಂದ ನಿಜವಾದ ಬರ್ಸ್ಟ್ ಸ್ಪೀಡ್ ಇದಕ್ಕಿಂತ ಮೇಲಿರಬಹುದು, ಆದರೆ ಅದನ್ನ ನಂಬಿ ಓಡಿಸೋಕೆ ಹೋಗಬಾರದು.)

ತೂತಿರೋ ಡಿಸ್ಕ್ ಆದ್ರೆ ಅಂಚು ಯೀಲ್ಡ್ ಆಗೋದು 10,600 ಹತ್ರಾನೇ, ಅಂದ್ರೆ ನಮ್ಮ ಓಡೋ ಸ್ಪೀಡ್‌ಗಿಂತ ಕೆಳಗೆ. ಆದರೆ ಸಣ್ಣ ತೂತಿಗೆ ಪೂರ್ತಿ ಕುಸಿತದ ಸ್ಪೀಡ್ ಹೆಚ್ಚುಕಮ್ಮಿ ಅದೇ 16,700, ಸರಾಸರಿ ಬದಲಾಗಿಲ್ಲವಲ್ಲ. ಹಾಗಾದ್ರೆ ತೂತು ಅಪಾಯ ಅಲ್ವಾ? ಒಂದೇ ಸಲ ಓಡಿಸೋದಾದ್ರೆ ಅಷ್ಟೇನೂ ಅಲ್ಲ. ಸ್ಟಾರ್ಟ್ ಸ್ಟಾಪ್ ಸ್ಟಾರ್ಟ್ ಸ್ಟಾಪ್ ಅಂತ ಸಾವಿರಾರು ಸಲ ಓಡಿಸಿದಾಗ ಫಟೀಗ್‌ಗೆ ಅದು ದೊಡ್ಡ ಅಪಾಯ, ಯಾಕಂದ್ರೆ ಬಿರುಕು ಸರಾಸರಿ ನೋಡಲ್ಲ, ತಾನಿರೋ ಜಾಗದ ಸ್ಟ್ರೆಸ್ ನೋಡುತ್ತೆ. 1989ರ ಜುಲೈ 19ರಂದು ಅಮೆರಿಕದ ಸೂ ಸಿಟಿಯಲ್ಲಿ ಬಿದ್ದ ಯುನೈಟೆಡ್ ಏರ್‌ಲೈನ್ಸ್ ಡಿಸಿ-10 ವಿಮಾನದ ಫ್ಯಾನ್ ಡಿಸ್ಕ್ ಒಡೆದಿದ್ದು ಹೀಗೇ, ಟೈಟಾನಿಯಂ ತಯಾರಿಕೆಯಲ್ಲೇ ಉಳಿದುಹೋಗಿದ್ದ ಗಟ್ಟಿ ಕಲ್ಮಶದಿಂದ ಬೋರ್, ಅಂದ್ರೆ ನಡುವಿನ ತೂತಿನ ಮೇಲ್ಮೈಯಲ್ಲಿ ಬಿರುಕು ಹುಟ್ಟಿ, ಹಾರಾಟದಿಂದ ಹಾರಾಟಕ್ಕೆ ಬೆಳೆದು ಕೊನೆಗೆ ಡಿಸ್ಕ್ ಸೀಳಿತು. ಅದರ ಆಕಾರ ನಮ್ಮ ಚಪ್ಪಟೆ ಡಿಸ್ಕ್‌ನಂತಲ್ಲ, ಆದರೆ ಕೆಟ್ಟ ಮೆಟೀರಿಯಲ್ ಅತಿ ಹೆಚ್ಚಿನ ಹೂಪ್ ಇರೋ ಬೋರ್ ಹತ್ರಾನೇ ಇದ್ದಿದ್ದು ಅದೇ ಕಥೆ.

ಸೂತ್ರದ ಮಿತಿಗಳನ್ನೂ ಹೇಳಿಬಿಡ್ತೀನಿ. ಇದು ತೆಳ್ಳಗಿನ ಡಿಸ್ಕ್‌ಗೆ, ದಪ್ಪದ ದಿಕ್ಕಲ್ಲಿ ಸ್ಟ್ರೆಸ್ ಇಲ್ಲ ಅನ್ನೋ ಊಹೆ. 250 ತ್ರಿಜ್ಯಕ್ಕೆ 40 ದಪ್ಪ ಇದ್ರೆ ಇದರಿಂದ ಆಗೋ ತಪ್ಪು 1 ಎಂಪಿಎಗಿಂತ ಕಡಿಮೆ, ತಲೆಕೆಡಿಸ್ಕೊಳ್ಳೋದು ಬೇಡ. ಉದ್ದ ರೋಟರ್ ಥರ ಸಿಲಿಂಡರ್ ಆದ್ರೆ ಮಧ್ಯದ ನಂಬರ್ 320ರಿಂದ 332ರ ಹತ್ರ ಹೋಗುತ್ತೆ, ಜೊತೆಗೆ ಉದ್ದಕ್ಕೂ ಒಂದು ಸ್ಟ್ರೆಸ್ ಬರುತ್ತೆ, ಆದರೆ ಪೀಕ್ ಮಾತ್ರ ಮಧ್ಯದಲ್ಲೇ ಇರುತ್ತೆ. ನಂಬರ್‌ಗಳನ್ನ ನಿಜಕ್ಕೂ ಬದಲಾಯಿಸೋದು ಟೆಂಪರೇಚರ್, ರಿಮ್ ಬಿಸಿ ಮಧ್ಯ ತಣ್ಣಗೆ ಇದ್ರೆ ಮಧ್ಯಕ್ಕೆ ಇನ್ನೂ ಎಳೆತ ಸೇರುತ್ತೆ, ರಿಮ್‌ನ ಹೂಪ್ ಕಡಿಮೆಯಾಗುತ್ತೆ. ರಿಮ್‌ಗೆ ಬ್ಲೇಡ್ ಹಾಕಿದ್ರೂ ಮಧ್ಯಕ್ಕೆ ಎಳೆತ ಸೇರುತ್ತೆ, ಹೊರಗಿನ ಎಳೆತ ಎಷ್ಟೋ ಅಷ್ಟು ಡಿಸ್ಕ್ ಪೂರ್ತಿ ಸೇರ್ಕೊಳ್ಳುತ್ತೆ. ಒಂದೇ ದಪ್ಪ ಬಿಟ್ಟು ಮಧ್ಯ ದಪ್ಪ ಅಂಚು ತೆಳು ಅಂತ ಮಾಡಿದ್ರೆ ಮಾತ್ರ ಪೀಕ್ ಇಳಿಯುತ್ತೆ, ಸ್ಟೀಮ್ ಟರ್ಬೈನ್ ಮಾಡಿದ ಸ್ವೀಡನ್ನಿನ ಡಿ ಲಾವಲ್ ಸಮಬಲದ ಡಿಸ್ಕ್ ಅಂತ ಮಾಡಿದ್ದು ಇದನ್ನೇ, ಅದೂ ನಡುವೆ ತೂತು ಇಲ್ಲದೇನೇ.

ನಮ್ಮ ಕೇಸ್‌ಗೆ ವಾಪಸ್ ಬಂದ್ರೆ, ಮೊದಲ ಸಲ ಓಡಿಸುವಾಗ ಅಳತೆ ಮಾಡಿ ನೋಡೋಣ ಅಂತಾಯ್ತು. ಮಧ್ಯದಲ್ಲಿ ಸ್ಟ್ರೈನ್ ಗೇಜ್ ಅಂಟಿಸಿದ್ರೆ 12,000ದಲ್ಲಿ ಸುಮಾರು 1120 ಮೈಕ್ರೋಸ್ಟ್ರೈನ್ ತೋರಿಸಬೇಕು, ಯಾವ ದಿಕ್ಕಿಗೆ ತಿರುಗಿಸಿ ಅಂಟಿಸಿದ್ರೂ ಅಷ್ಟೇ. ರಿಮ್‌ನಲ್ಲಿ ಸುತ್ತಳತೆ ದಿಕ್ಕಲ್ಲಿ 680 ಹತ್ರ. ಈ ಎರಡರ ಅನುಪಾತ (3+ν)/2, ಅಂದ್ರೆ 1.65, ಇದರಲ್ಲಿ ಸ್ಪೀಡೂ ಇಲ್ಲ ಡೆನ್ಸಿಟಿಯೂ ಇಲ್ಲ, ಹಾಗಾಗಿ 3,000 ಆರ್‌ಪಿಎಂನಲ್ಲೇ ನೋಡಿ ಲೆಕ್ಕ ಸರಿಯಿದ್ಯಾ ಅಂತ ಹೇಳಬಹುದು, ಫುಲ್ ಸ್ಪೀಡ್‌ಗೆ ಹೋಗೋವರೆಗೂ ಕಾಯಬೇಕಿಲ್ಲ. (ಶಾಫ್ಟ್ ಬದಿ ಬಿಟ್ಟು ಇನ್ನೊಂದು ಮುಖದ ಮೇಲೆ ಗೇಜ್ ಹಾಕಬೇಕು. ಅಲ್ಲೂ ಶಾಫ್ಟ್‌ನ ದಪ್ಪದಿಂದ ಮಧ್ಯದ ಓದು ಸ್ವಲ್ಪ ಹೆಚ್ಚುಕಡಿಮೆ ಆಗಬಹುದು, ಅದನ್ನ ಮಾಡೆಲ್‌ನಲ್ಲಿ ಸೇರಿಸಿ ಹೋಲಿಸಬೇಕು.)

ಅಷ್ಟೊತ್ತಿಗೆ ಇನ್‌ಸ್ಟ್ರುಮೆಂಟೇಶನ್ ಕಡೆಯವರು ಗೇಜ್‌ನ ವೈರ್ ಶಾಫ್ಟ್ ಕಡೆಗೆ ತರೋಕೆ "ಮಧ್ಯದಲ್ಲಿ ಒಂದು 3 ಮಿಮೀ ಹೋಲ್ ಹಾಕ್ಕೊಡಿ ಸಾಕು" ಅಂತ ಕೇಳಿದ್ರು. ಎಲ್ಲರೂ ಒಂದೇ ಸಲ ಆ ಹುಡುಗನ ಕಡೆ ನೋಡಿದ್ರು, ಆತ ಲ್ಯಾಪ್‌ಟಾಪ್ ತಿರುಗಿಸಿ ತನ್ನ ಹಳೇ ಪ್ಲಾಟ್ ತೋರಿಸಿದ. ವೈರ್ ಬದಲು ಅದೇ ಮುಖದ ಮೇಲೆ ಕೂರೋ ಚಿಕ್ಕ ಟೆಲಿಮೆಟ್ರಿ ಟ್ರಾನ್ಸ್‌ಮಿಟರ್ ಹಾಕೋದು ಅಂತಾಯ್ತು, ಫೋರ್ಜಿಂಗ್‌ನ ನಡುವಿನ 100 ಮಿಮೀ ವ್ಯಾಸದ ತಿರುಳಿಗೆ ಅಲ್ಟ್ರಾಸೋನಿಕ್ ಟೆಸ್ಟ್‌ನ ಮಿತಿಯನ್ನ ಉಳಿದ ಭಾಗಕ್ಕಿಂತ ಬಿಗಿ ಮಾಡಿ ಡ್ರಾಯಿಂಗ್ ಮೇಲೆ ಬರೆದ್ರು.